ಸೋಲಾರ್ ಲಾಗರ್: ವ್ಯಾಟ್ ಸರಿಯಾಗಿ ತೋರಿಸುತ್ತದೆ, ಒಟ್ಟು ಯೂನಿಟ್ ಮಾತ್ರ ಬೆಳಿಗ್ಗೆ ಸಂಜೆ ಏರುವುದೇ ಇಲ್ಲ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮದು ತೀರ್ಥಹಳ್ಳಿ ಹತ್ತಿರ. ಮಾಡಿನ ಮೇಲೆ 3 ಕಿಲೋವ್ಯಾಟ್ ಸೋಲಾರ್ ಇದೆ. ದಿನಾ ಎಷ್ಟು ಯೂನಿಟ್ ಬರುತ್ತದೆ ಎಂದು ನಾನೇ ಲೆಕ್ಕ ಇಡೋಣ ಅಂತ ಡಿಸೆಂಬರ್‌ನಲ್ಲಿ ಒಂದು ಇಎಸ್‌ಪಿ32 ಬೋರ್ಡ್ ಕೂರಿಸಿದೆ. ಸೆಕೆಂಡಿಗೊಮ್ಮೆ ವ್ಯಾಟ್ ಓದುವುದು, ಅದನ್ನು ವ್ಯಾಟ್-ಅವರ್ ಮಾಡಿ ಒಟ್ಟಿಗೆ ಕೂಡಿಸುವುದು, ಇಷ್ಟೇ ಕೆಲಸ:

```c
float totalWh;
totalWh += watts / 3600.0f;
```

ಐದಾರು ತಿಂಗಳು ಜನರೇಷನ್ ಮೀಟರಿಗೂ ಇದಕ್ಕೂ ಹೆಚ್ಚುಕಡಿಮೆ ತಾಳೆಯಾಗುತ್ತಿತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ಕೆಟ್ಟಿತು. ಕಳೆದ ಮಂಗಳವಾರ ಇಡೀ ದಿನಕ್ಕೆ ನನ್ನ ಲೆಕ್ಕ 0.3 ಯೂನಿಟ್, ಮೀಟರ್ ಲೆಕ್ಕ 2.9. ಲಾಗ್ ತೆಗೆದು ನೋಡಿದರೆ ಹೀಗಿದೆ:

```
09:10:01  382 W  2098412.00
09:10:02  384 W  2098412.00
09:10:03  381 W  2098412.00
10:02:41  512 W  2098412.25
10:02:42  509 W  2098412.50
```

ವ್ಯಾಟ್ ಸರಿಯಾಗಿಯೇ ಬರುತ್ತಿದೆ, ಒಟ್ಟು ಮಾತ್ರ ಮುಕ್ಕಾಲು ಗಂಟೆ ಅಲ್ಲಾಡಿಲ್ಲ. ಆಮೇಲೆ ಒಮ್ಮೆಲೇ ಕಾಲು ಕಾಲು ಏರಿದೆ. ಬೋರ್ಡ್ ಹಾಳಾಗಿದೆಯೇ? ತೇವಕ್ಕೆ ಹೀಗಾಗುತ್ತದೆಯೇ?

ಬೆಸುಗೆಕಡ್ಡಿ

ಬೋರ್ಡ್ ಸರಿಯಾಗಿಯೇ ಇದೆ ಗುರುವೇ. `float`ಗೆ ಏಳು ಅಂಕಿ ಮಾತ್ರ ನೆನಪಿರುತ್ತದೆ. ನಿಮ್ಮ ಒಟ್ಟು ಈಗಾಗಲೇ ಏಳಂಕಿ ತಿಂದಿದೆ, ದಶಾಂಶಕ್ಕೆ ಜಾಗ ಇಲ್ಲ. `double` ಮಾಡಿ, ಮುಗೀತು. ಇಲ್ಲದಿದ್ದರೆ ಚಿಕ್ಕ ಸಂಖ್ಯೆಗಳನ್ನು ಮೊದಲು, ದೊಡ್ಡವನ್ನು ಕೊನೆಗೆ ಕೂಡಿಸಬೇಕು. ಕಾಲೇಜಲ್ಲಿ ಹೇಳಿಕೊಟ್ಟಿದ್ದು ಅದೇ.

ತುಂಗಾತೀರ

ಏಳು ಅಂಕಿ ಸರಿ, ಆದರೆ 512 ವ್ಯಾಟ್ ಬಂದಾಗ ಏರಿದೆಯಲ್ಲ? ಅದೂ 0.14 ಏರಬೇಕಾದ ಕಡೆ 0.25 ಏರಿದೆ. ಮರೆತರೆ ಪೂರ್ತಿ ಮರೆಯಬೇಕು, ಹೆಚ್ಚಿಗೆ ಹೇಗೆ ಕೂಡಿಸಿತು? ಚಿಕ್ಕದನ್ನು ಮೊದಲು ಕೂಡಿಸುವುದಕ್ಕೂ ದಾರಿ ಕಾಣುತ್ತಿಲ್ಲ. ನಾಳೆಯ ವ್ಯಾಟ್ ಇವತ್ತೇ ಕೈಗೆ ಸಿಗುವುದಿಲ್ಲ.

ಶೇಷ_ಲೆಕ್ಕ

ತುಂಗಾತೀರ ಅವರೇ, ನಿಮ್ಮ ಲಾಗ್ ತುಂಬಾ ಚೆನ್ನಾಗಿ ಉತ್ತರ ಹೇಳುತ್ತಿದೆ. ನಾನು ಇಪ್ಪತ್ತು ವರ್ಷ ಹವಾಮಾನ ಮಾದರಿಗಳ ಕೋಡ್ ಬರೆದವಳು. ಇದೇ ತೊಂದರೆಯನ್ನು ಬೇರೆ ಬೇರೆ ವೇಷದಲ್ಲಿ ನೋಡಿದ್ದೇನೆ.

`float` ಸಂಖ್ಯೆಗಳು ಮೆಟ್ಟಿಲಿನಂತೆ ಇರುತ್ತವೆ. ಎರಡು ಮೆಟ್ಟಿಲ ನಡುವೆ ನಿಲ್ಲಲು ಜಾಗವಿಲ್ಲ. ಸಂಖ್ಯೆ ದೊಡ್ಡದಾದಂತೆ ಮೆಟ್ಟಿಲೂ ಎತ್ತರವಾಗುತ್ತದೆ, 2ರ ಘಾತ ದಾಟಿದಾಗಲೆಲ್ಲ ದುಪ್ಪಟ್ಟಾಗುತ್ತದೆ. 2097152 ಎಂದರೆ 2ರ 21ನೇ ಘಾತ. ಅಲ್ಲಿಂದ 4194304ರವರೆಗೆ ಒಂದು ಮೆಟ್ಟಿಲು ಸರಿಯಾಗಿ 0.25. ಕೂಡಿಸಿದ ಉತ್ತರ ಎರಡು ಮೆಟ್ಟಿಲ ನಡುವೆ ಬಿದ್ದರೆ ಹತ್ತಿರದ ಮೆಟ್ಟಿಲಿಗೆ ಸರಿಯುತ್ತದೆ. ಅರ್ಧಕ್ಕಿಂತ ಕಡಿಮೆ, ಅಂದರೆ 0.125ಕ್ಕಿಂತ ಕಡಿಮೆ ಕೂಡಿಸಿದರೆ ಇದ್ದಲ್ಲಿಗೇ ವಾಪಸ್. ಅದಕ್ಕಿಂತ ಹೆಚ್ಚು ಕೂಡಿಸಿದರೆ ಪೂರ್ತಿ ಒಂದು ಮೆಟ್ಟಿಲು ಮೇಲೆ.

0.125 ವ್ಯಾಟ್-ಅವರ್ ಒಂದು ಸೆಕೆಂಡಿನಲ್ಲಿ ಬರಬೇಕಾದರೆ ಎಷ್ಟು ವ್ಯಾಟ್ ಬೇಕು? 0.125 × 3600 = 450. ಹಾಗಾಗಿ 2097 ಯೂನಿಟ್ ದಾಟಿದ ದಿನದಿಂದ ನಿಮ್ಮ ಲಾಗರ್ 450 ವ್ಯಾಟ್‌ಗಿಂತ ಕಡಿಮೆ ಬಂದದ್ದನ್ನೆಲ್ಲ ಸೊನ್ನೆ ಎಂದು ಬರೆದಿದೆ. 450ರಿಂದ 1350ರವರೆಗೆ ಏನೇ ಬಂದರೂ 0.25 ಎಂದು ಬರೆದಿದೆ. 512 ವ್ಯಾಟ್ ಹೆಚ್ಚುಕಡಿಮೆ ದುಪ್ಪಟ್ಟಾಯಿತು, 1300 ವ್ಯಾಟ್ ಬಂದರೆ ಮೂರರಲ್ಲಿ ಒಂದು ಪಾಲು ಕಳೆದುಹೋಗುತ್ತದೆ. ಮಳೆ ದಿನ ಪ್ಯಾನೆಲ್ 450 ಮುಟ್ಟುವುದೇ ಅಪರೂಪ, ಅದಕ್ಕೇ ದಿನಕ್ಕೆ 0.3.

ಒಂದು ಪರೀಕ್ಷೆ ಮಾಡಿ. ಮಾರ್ಚ್‌ನಿಂದಾಚೆಗಿನ ಲಾಗ್ ಇದ್ದರೆ, ಒಟ್ಟು 1048 ಯೂನಿಟ್ ದಾಟಿದ ಮೇಲಿನ ಬೆಳಗಿನ ಹೊತ್ತು ನೋಡಿ. ಅಲ್ಲಿ ಮೆಟ್ಟಿಲು 0.125, ಆದ್ದರಿಂದ 225 ವ್ಯಾಟ್‌ಗಿಂತ ಕೆಳಗಿನದು ಆಗಲೇ ಬಿಟ್ಟುಹೋಗುತ್ತಿದ್ದಿರಬೇಕು.

ತುಂಗಾತೀರ

ನೋಡಿದೆ ಮೇಡಂ. ಏಪ್ರಿಲ್ 3, ಬೆಳಿಗ್ಗೆ 6:40ರಿಂದ 7:05ರವರೆಗೆ ಒಟ್ಟು ಅಲ್ಲಾಡಿಲ್ಲ. 225 ದಾಟಿದ ಸೆಕೆಂಡಿಗೇ ಏರಿದೆ. ಬೇಸಿಗೆಯಲ್ಲಿ ಬೇಗ ಬಿಸಿಲೇರುವುದರಿಂದ ನನಗೆ ಗೊತ್ತೇ ಆಗಲಿಲ್ಲ. ಹಾಗಾದರೆ `double` ಒಂದೇ ದಾರಿಯೇ?

ಶೇಷ_ಲೆಕ್ಕ

ನಿಮ್ಮ ಕೆಲಸಕ್ಕೆ `double` ಧಾರಾಳವಾಗಿ ಸಾಕು, ಬೆಸುಗೆಕಡ್ಡಿ ಹೇಳಿದ್ದರಲ್ಲಿ ಆ ಭಾಗ ಸರಿ. ಈ ಚಿಪ್‌ನ ಹಾರ್ಡ್‌ವೇರ್ `float` ಮಾತ್ರ ಲೆಕ್ಕ ಹಾಕುತ್ತದೆ, `double` ಸಾಫ್ಟ್‌ವೇರ್‌ನಲ್ಲಿ ನಿಧಾನವಾಗಿ ನಡೆಯುತ್ತದೆ. ಸೆಕೆಂಡಿಗೊಮ್ಮೆ ಕೂಡಿಸುವವರಿಗೆ ಅದು ಲೆಕ್ಕಕ್ಕಿಲ್ಲ.

ಆದರೂ `float` ಇಟ್ಟುಕೊಂಡೇ ಇದನ್ನು ಸರಿ ಮಾಡುವ ವಿಧಾನ ತಿಳಿದಿರಲಿ. ವಿಲಿಯಂ ಕಹಾನ್ ಅದನ್ನು 1965ರಲ್ಲಿ ಪ್ರಕಟಿಸಿದರು.

ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಚಿಲ್ಲರೆ ಇಲ್ಲದಿದ್ದರೆ ಟಿಕೆಟ್ ಹಿಂದೆ ಬಾಕಿ ಬರೆದುಕೊಡುತ್ತಾರಲ್ಲ, ಅದೇ ಇಲ್ಲಿನ ಉಪಾಯ. ಮೊತ್ತದ ಜೊತೆ ಇನ್ನೊಂದು `float` ಇಟ್ಟುಕೊಳ್ಳಿ. ರೌಂಡ್ ಆದಾಗ ಎಷ್ಟು ಹೆಚ್ಚುಕಡಿಮೆಯಾಯಿತು ಎಂದು ಅದರಲ್ಲಿ ಬರೆದಿಡಿ, ಮುಂದಿನ ಸಲ ಆ ಬಾಕಿ ಸೇರಿಸಿ ಕೂಡಿಸಿ. ಕೆಳಗೆ `s` ಎಂದರೆ ಮೊತ್ತ, `c` ಬಾಕಿ, `x` ಹೊಸದಾಗಿ ಕೂಡಿಸಬೇಕಾದ ಸಂಖ್ಯೆ.

```c
float y = x - c;
float t = s + y;
c = (t - s) - y;
s = t;
```

ಮೂರನೇ ಸಾಲಿನಲ್ಲೇ ಎಲ್ಲ ಇದೆ. `t - s` ಎಂದರೆ ಮೊತ್ತ ನಿಜವಾಗಿ ಎಷ್ಟು ಏರಿತು ಎಂಬುದು. ಅದರಿಂದ `y`, ಅಂದರೆ ಎಷ್ಟು ಏರಬೇಕಿತ್ತೋ ಅದನ್ನು ಕಳೆದರೆ ಉಳಿಯುವುದು ತಪ್ಪಿನ ಪ್ರಮಾಣ. ಮೊತ್ತ `y`ಗಿಂತ ದೊಡ್ಡದಿರುವವರೆಗೆ ಈ ಕಳೆಯುವ ಲೆಕ್ಕದಲ್ಲಿ ಹೊಸ ರೌಂಡಿಂಗ್ ಬರುವುದಿಲ್ಲ, ಬಾಕಿ ಕರಾರುವಾಕ್ಕಾಗಿ ಸಿಗುತ್ತದೆ.

ನಿಮ್ಮ ಲಾಗಿನ ಮೊದಲ ಮೂರು ಸಾಲನ್ನೇ ತೆಗೆದುಕೊಳ್ಳೋಣ. 382 ವ್ಯಾಟ್ ಎಂದರೆ 0.1061. ಮೊತ್ತ ಅಲ್ಲಾಡುವುದಿಲ್ಲ, `c` −0.1061 ಆಗುತ್ತದೆ, ಅಂದರೆ ಅಷ್ಟು ಕೊಡುವುದು ಬಾಕಿ. ಮುಂದಿನದು 384 ವ್ಯಾಟ್, 0.1067. ಬಾಕಿ ಸೇರಿ `y` 0.2128. ಇದು ಅರ್ಧ ಮೆಟ್ಟಿಲಿಗಿಂತ ಹೆಚ್ಚು, ಹಾಗಾಗಿ ಮೊತ್ತ 2098412.25. ಆದರೆ 0.0372 ಹೆಚ್ಚಿಗೆ ಕೊಟ್ಟುಬಿಟ್ಟೆವು, `c` ಈಗ +0.0372. ಮೂರನೆಯದು 381 ವ್ಯಾಟ್, 0.1058. ಹೆಚ್ಚು ಕೊಟ್ಟದ್ದನ್ನು ಮುರಿದುಕೊಂಡು `y` 0.0686, ಮೊತ್ತ ನಿಂತಲ್ಲೇ, `c` −0.0686. ಈಗ ಮೊತ್ತದಿಂದ `c` ಕಳೆದು ನೋಡಿ: ಏರಿದ್ದು 0.25 + 0.0686 = 0.3186. ಮೂರು ಓದುಗಳನ್ನು ಕಾಗದದ ಮೇಲೆ ಕೂಡಿಸಿದರೂ ಅಷ್ಟೇ ಬರುತ್ತದೆ.

ಹಾಸ್ಟೆಲ್_ಕೋಣೆ_14

ಮೇಡಂ, ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷಿಸಿದೆ. `float`ನಲ್ಲಿ 0.1 ಅನ್ನು ಒಂದು ಕೋಟಿ ಸಲ ಕೂಡಿಸಿದೆ. ಹತ್ತು ಲಕ್ಷ ಬರಬೇಕಿತ್ತು, ಬಂದದ್ದು 1087937. ಕಹಾನ್ ವಿಧಾನದಲ್ಲಿ 1000000. ಚಿಲ್ಲರೆ ಬಿದ್ದುಹೋಗುವುದಾದರೆ ಉತ್ತರ ಕಡಿಮೆ ಬರಬೇಕಲ್ಲವೇ? ಸುಮಾರು 88 ಸಾವಿರ ಹೆಚ್ಚು ಎಲ್ಲಿಂದ ಬಂತು?

ಶೇಷ_ಲೆಕ್ಕ

ಒಳ್ಳೆಯ ಪ್ರಶ್ನೆ ತಮ್ಮಾ. ರೌಂಡಿಂಗ್ ಎರಡೂ ಕಡೆಗೆ ಎಳೆಯುತ್ತದೆ. ನೀನು ಕೂಡಿಸುತ್ತಿರುವುದು ಪ್ರತಿ ಸಲವೂ ಒಂದೇ ಸಂಖ್ಯೆಯಾದ್ದರಿಂದ, ಮೊತ್ತ ಒಂದು ವಲಯದಲ್ಲಿ ಇರುವಷ್ಟು ಹೊತ್ತೂ ತಪ್ಪು ಒಂದೇ ದಿಕ್ಕಿಗೆ ಬೀಳುತ್ತದೆ. ಒಂದಕ್ಕೊಂದು ವಜಾ ಆಗುವುದಿಲ್ಲ.

ಮೊತ್ತ 131072ರಿಂದ 524288ರವರೆಗೆ ಇದ್ದಾಗ ಪ್ರತಿ 0.1 ಸಹ 0.09375 ಆಗಿ ಸೇರುತ್ತದೆ, ಆಗ ಮೊತ್ತ ಹಿಂದೆ ಬೀಳುತ್ತದೆ. 524288 ದಾಟಿದ ಮೇಲೆ ಮೆಟ್ಟಿಲು 0.0625. 0.1 ಎಂದರೆ 1.6 ಮೆಟ್ಟಿಲು, ರೌಂಡ್ ಆಗಿ ಎರಡು ಮೆಟ್ಟಿಲು, ಅಂದರೆ 0.125. ಅಲ್ಲಿಂದ ಕೊನೆಯವರೆಗೆ ಪ್ರತಿ ಸಲ ಕಾಲು ಪಾಲು ಹೆಚ್ಚು ಸೇರುತ್ತಾ ಹೋಗುತ್ತದೆ. ಸುಮಾರು 45 ಲಕ್ಷ ಸಲ ಹಾಗೆ ಸೇರಿದೆ. ಎರಡು ಕೋಟಿ ಸಲ ಓಡಿಸಿ ನೋಡು: 2097152 ಮುಟ್ಟಿ ಅಲ್ಲೇ ನಿಂತುಬಿಡುತ್ತದೆ. ಎಷ್ಟು ಕೂಡಿಸಿದರೂ ಮುಂದೆ ಹೋಗದು.

ಹಾಸ್ಟೆಲ್_ಕೋಣೆ_14

ಓಡಿಸಿದೆ. ಹೌದು, 2097152. ತುಂಗಾತೀರ ಸರ್ ಲಾಗರ್ ಕೆಟ್ಟದ್ದೂ ಇದೇ ಸಂಖ್ಯೆಯಲ್ಲಿ!

ಸಹಕಾರಿ_ಗುಮಾಸ್ತ

ನಮ್ಮ ಸೊಸೈಟಿಯಲ್ಲೂ ಇದೇ ಸಮಸ್ಯೆ. ಸಾಲದ ಬಡ್ಡಿ ಪಟ್ಟಿಯಲ್ಲಿ ಪ್ರತಿ ಖಾತೆಗೂ ಎರಡು ದಶಾಂಶಕ್ಕೆ ಬರೆದು ಕೂಡಿಸಿದರೆ ಒಟ್ಟು ಬಡ್ಡಿಗೆ 11 ಪೈಸೆ ತಾಳೆಯಾಗುವುದಿಲ್ಲ. ಆಡಿಟ್‌ನವರು ಒಪ್ಪುವುದಿಲ್ಲ. ಈ ಕಹಾನ್ ಸೂತ್ರ ಹಾಕಿದರೆ ಸರಿಹೋಗುತ್ತದೆಯೇ? ಎಕ್ಸೆಲ್‌ನಲ್ಲಿ ಹೇಗೆ ಹಾಕುವುದು?

ಶೇಷ_ಲೆಕ್ಕ

ಇಲ್ಲ ಸರ್, ನಿಮ್ಮದು ಬೇರೆ. ಅಲ್ಲಿ ಕೂಡಿಸುವಾಗ ಏನೂ ಕಳೆದುಹೋಗಿಲ್ಲ. ಪ್ರತಿ ಖಾತೆಯಲ್ಲಿ ಪೈಸೆಗೆ ರೌಂಡ್ ಮಾಡಿ ಬರೆದದ್ದರಿಂದ ಕೂಡಿಸುವ ಮುಂಚೆಯೇ ಸಂಖ್ಯೆ ಬದಲಾಗಿದೆ. ಹಣವನ್ನು ಪೈಸೆಯ ಪೂರ್ಣಾಂಕವಾಗಿ ಇಡಿ. ಆ 11 ಪೈಸೆ ಯಾವ ಖಾತೆಗೆ ಹೋಗಬೇಕು ಎಂಬುದು ನಿಮ್ಮ ಸೊಸೈಟಿಯ ನಿಯಮ ಹೇಳಬೇಕಾದ ಮಾತು.

ದೇವನಹಳ್ಳಿ_ದಾರಿ

ಇದರಿಂದ ಜೀವಗಳೇ ಹೋಗಿವೆ. 1991ರ ಫೆಬ್ರವರಿ 25ರಂದು ಸೌದಿಯ ಧಹ್ರಾನ್‌ನಲ್ಲಿ ಪೇಟ್ರಿಯಾಟ್ ವ್ಯವಸ್ಥೆ ಸ್ಕಡ್ ಕ್ಷಿಪಣಿಯನ್ನು ತಡೆಯಲಿಲ್ಲ, 28 ಅಮೆರಿಕನ್ ಸೈನಿಕರು ಸತ್ತರು. 0.1 ಸೆಕೆಂಡನ್ನು ಕೂಡಿಸುತ್ತಾ ಹೋಗಿ ನೂರು ಗಂಟೆಯಲ್ಲಿ 0.34 ಸೆಕೆಂಡ್ ತಪ್ಪಿತ್ತು. ಕಹಾನ್ ವಿಧಾನ ಹಾಕಿದ್ದರೆ ಅವರು ಉಳಿಯುತ್ತಿದ್ದರು.

ಶೇಷ_ಲೆಕ್ಕ

ಘಟನೆ, ಅಂಕಿ ಎರಡೂ ಸರಿ. ಕಾರಣ ಮಾತ್ರ ಅದಲ್ಲ. ಅಲ್ಲಿ ಗಡಿಯಾರ ಹತ್ತನೇ ಒಂದು ಸೆಕೆಂಡುಗಳನ್ನು ಪೂರ್ಣಾಂಕವಾಗಿಯೇ ಎಣಿಸುತ್ತಿತ್ತು, ಎಣಿಕೆಯಲ್ಲಿ ತಪ್ಪಿರಲಿಲ್ಲ. ಅದನ್ನು ಸೆಕೆಂಡ್ ಮಾಡಲು ಗುಣಿಸುತ್ತಿದ್ದ 0.1 ಎಂಬುದೇ 24 ಬಿಟ್‌ಗೆ ಕತ್ತರಿಸಿದ್ದಾಗಿತ್ತು. ಕೈಗೆ ಬಂದ ಸಂಖ್ಯೆಯೇ ತಪ್ಪಾಗಿದ್ದರೆ ಕಹಾನ್ ವಿಧಾನ ಆ ತಪ್ಪು ಸಂಖ್ಯೆಗಳನ್ನೇ ಚೊಕ್ಕವಾಗಿ ಕೂಡಿಸಿಕೊಡುತ್ತದೆ, ಅದಕ್ಕಿಂತ ಹೆಚ್ಚು ಅದರ ಕೈಲಾಗದು. ಈ ಎರಡು ತಪ್ಪುಗಳನ್ನು ಬೇರೆ ಬೇರೆ ಇಟ್ಟು ನೋಡಿ. ಇಲ್ಲವಾದರೆ ಮದ್ದು ತಪ್ಪು ಜಾಗಕ್ಕೆ ಹಾಕುತ್ತೇವೆ.

ತುಂಗಾತೀರ

ಮೇಡಂ, ನಿಮ್ಮ ನಾಲ್ಕು ಸಾಲು ಹಾಕಿದೆ. ಏನೂ ಬದಲಾಗಿಲ್ಲ. ಇವತ್ತು ಬೆಳಿಗ್ಗೆ 390 ವ್ಯಾಟ್‌ನಲ್ಲಿ ಒಂದು ಗಂಟೆ ಒಟ್ಟು ನಿಂತೇ ಇತ್ತು. `c` ಪ್ರಿಂಟ್ ಮಾಡಿದರೆ ಯಾವಾಗಲೂ 0.000000. ಟೈಪ್ ಮಾಡಿದ್ದರಲ್ಲಿ ತಪ್ಪಿಲ್ಲ, ಮೂರು ಸಲ ನೋಡಿದೆ.

ಬೆಸುಗೆಕಡ್ಡಿ

ಅದಕ್ಕೇ ಹೇಳಿದ್ದು, `double` ಹಾಕಿ ಅಂತ.

ಶೇಷ_ಲೆಕ್ಕ

`c` ಯಾವಾಗಲೂ ಸೊನ್ನೆ ಎಂದರೆ ನನಗೆ ಒಂದೇ ಅನುಮಾನ. ನಿಮ್ಮ ಕಂಪೈಲರ್ ಫ್ಲ್ಯಾಗ್‌ಗಳನ್ನು ಇಲ್ಲಿ ಹಾಕಿ.

ತುಂಗಾತೀರ

```
build_flags = -Ofast
```

ಬೇರೊಂದು ಪ್ರಾಜೆಕ್ಟಿನಿಂದ ಹಾಗೇ ಎತ್ತಿಕೊಂಡಿದ್ದೆ. ವೇಗ ಆಗುತ್ತದೆ ಎಂದಿತ್ತು.

ಶೇಷ_ಲೆಕ್ಕ

ಅದೇ. `-Ofast` ಹಾಕಿದರೆ ಒಳಗೆ `-ffast-math` ಬರುತ್ತದೆ. ಆಗ ಕಂಪೈಲರ್ ಶಾಲೆಯ ಬೀಜಗಣಿತದಂತೆ ಯೋಚಿಸುತ್ತದೆ: `t` ಎಂದರೆ `s + y`, ಹಾಗಿದ್ದರೆ `(t - s) - y` ಸೊನ್ನೆ, ಸೊನ್ನೆಯನ್ನು ಲೆಕ್ಕ ಹಾಕುವುದೇಕೆ ಎಂದು ಆ ಸಾಲನ್ನೇ ತೆಗೆದುಹಾಕುತ್ತದೆ. ಉಳಿಯುವುದು ನಿಮ್ಮ ಹಳೆಯ `+=`. ಎಚ್ಚರಿಕೆ ಏನೂ ಬರುವುದಿಲ್ಲ. ಇದರಿಂದ ನಾನೂ ಒಮ್ಮೆ ಎರಡು ವಾರ ಕಳೆದಿದ್ದೇನೆ.

ಫ್ಲ್ಯಾಗ್ ತೆಗೆದು `-O2` ಹಾಕಿ. ಸರಿಯಾಯಿತೇ ಎಂದು ತಿಳಿಯಲು ಸೂರ್ಯನಿಗೆ ಕಾಯಬೇಕಿಲ್ಲ. ಮೊತ್ತವನ್ನು 16777216.0ರಿಂದ ಶುರು ಮಾಡಿ 1.0 ಅನ್ನು ಸಾವಿರ ಸಲ ಕೂಡಿಸಿ. ಆ 1.0 ಅನ್ನು `volatile` ಚರದಿಂದ ಓದಿ, ಇಲ್ಲದಿದ್ದರೆ ಕಂಪೈಲರ್ ಮೊದಲೇ ಲೆಕ್ಕ ಮುಗಿಸಿಬಿಡಬಹುದು. ಬಾಕಿ ಲೆಕ್ಕ ಜೀವಂತವಾಗಿದ್ದರೆ 16778216 ಬರುತ್ತದೆ, ಸತ್ತಿದ್ದರೆ 16777216.

ತುಂಗಾತೀರ

ಫ್ಲ್ಯಾಗ್ ತೆಗೆಯುವ ಮೊದಲು 16777216. ತೆಗೆದ ಮೇಲೆ 16778216. ಕಣ್ಣಾರೆ ನೋಡಿದೆ, ತುಂಬಾ ಧನ್ಯವಾದ ಮೇಡಂ.

ಇನ್ನೊಂದು ವಿಷಯ. ನಮ್ಮಲ್ಲಿ ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುತ್ತದೆ. ಬೋರ್ಡ್ ಮತ್ತೆ ಶುರುವಾದಾಗ ಉಳಿಸಿಟ್ಟ `s` ಮಾತ್ರ ಓದಿಕೊಳ್ಳುತ್ತದೆ, `c` ಸೊನ್ನೆ ಆಗುತ್ತದೆ. ಎಲ್ಲ ಹಾಳಾಗುವುದೇ?

ಶೇಷ_ಲೆಕ್ಕ

ಬಾಕಿ ಎಂದಿಗೂ ಅರ್ಧ ಮೆಟ್ಟಿಲಿಗಿಂತ ದೊಡ್ಡದಾಗುವುದಿಲ್ಲ. ಈಗ ನಿಮಗೆ ಅದು 0.125 ವ್ಯಾಟ್-ಅವರ್. ಹತ್ತು ಸಲ ಹೋದರೂ ಹೆಚ್ಚೆಂದರೆ 1.25, ಒಂದು ಯೂನಿಟ್‌ನ ಎಂಟುನೂರನೇ ಒಂದು ಪಾಲು. ಬೇಕಿದ್ದರೆ `s` ಜೊತೆ `c` ಕೂಡ ಉಳಿಸಿಡಿ, ನಾಲ್ಕು ಬೈಟ್ ಅಷ್ಟೇ.

ಇನ್ನೊಂದು ಮಿತಿಯೂ ತಿಳಿದಿರಲಿ. ಪರದೆಯ ಮೇಲೆ `s` ಇನ್ನೂ 0.25ರ ಮೆಟ್ಟಿಲಿನಲ್ಲೇ ಏರುತ್ತದೆ. ಕಹಾನ್ ವಿಧಾನ `float`ಗೆ ಹೊಸ ಅಂಕಿ ಕೊಡುವುದಿಲ್ಲ. ಸಾದಾ ವಿಧಾನದಲ್ಲಿ ಎಷ್ಟು ಸಲ ಕೂಡಿಸುತ್ತೇವೋ ಅಷ್ಟಕ್ಕೂ ತಪ್ಪು ಬೆಳೆಯಬಹುದು, ಇದರಲ್ಲಿ ಆ ಬೆಳವಣಿಗೆ ನಿಲ್ಲುತ್ತದೆ. ಲಕ್ಷ ಸಲ ಕೂಡಿಸಿದರೂ ಕೋಟಿ ಸಲ ಕೂಡಿಸಿದರೂ ತಪ್ಪು ಹೆಚ್ಚುಕಡಿಮೆ ಒಂದು ಮೆಟ್ಟಿಲಿನೊಳಗೇ ಇರುತ್ತದೆ. ಎಲ್ಲ ಸಂಖ್ಯೆಗಳೂ ಒಂದೇ ಚಿಹ್ನೆಯವಾಗಿದ್ದರೆ ಎಂಬ ಷರತ್ತು ಇದೆ, ನಿಮ್ಮದು ಹಾಗೇ ಇದೆ.

ಬ್ಯಾಟರಿ_ಬಂಡಿ

ಆ ಷರತ್ತಿನ ಬಗ್ಗೆ ಕೇಳಬೇಕು. ನಾನು ಎಲೆಕ್ಟ್ರಿಕ್ ಆಟೋ ಬ್ಯಾಟರಿಗಳ ಕೆಲಸ ಮಾಡುತ್ತೇನೆ. ನಮ್ಮಲ್ಲಿ ಚಾರ್ಜ್ ಒಳಗೆ ಹೋಗುವುದೂ ಉಂಟು, ಹೊರಗೆ ಬರುವುದೂ ಉಂಟು. ಕೂಡಿ ಕಳೆದು ಕೊನೆಗೆ ಉಳಿಯುವುದು ಸ್ವಲ್ಪವೇ. ಕಹಾನ್ ಹಾಕಿದರೂ ಒಂದೊಂದು ಸಲ ಸೊನ್ನೆಯ ಹತ್ತಿರ ಉತ್ತರ ಅಡ್ಡಾದಿಡ್ಡಿ ಬರುತ್ತದೆ.

ಶೇಷ_ಲೆಕ್ಕ

ಎರಡು ಕಾರಣ ಇರಬಹುದು. ಒಂದು, ಕೂಡಿಸುವ ಸಂಖ್ಯೆಯೇ ಮೊತ್ತಕ್ಕಿಂತ ದೊಡ್ಡದಾದಾಗ ಬಾಕಿ ತೆಗೆಯುವ ಆ ಮೂರನೇ ಸಾಲು ಸೋಲುತ್ತದೆ, ಏಕೆಂದರೆ ಆಗ ಅಂಕಿ ಕಳೆದುಕೊಳ್ಳುವುದು `y` ಅಲ್ಲ, `s`. 1, 1e100, 1, −1e100 ಇವನ್ನು ಈ ಕ್ರಮದಲ್ಲಿ `double`ನಲ್ಲಿ ಕಹಾನ್ ವಿಧಾನದಿಂದ ಕೂಡಿಸಿ, 0 ಬರುತ್ತದೆ. ನಿಜ ಉತ್ತರ 2. 1974ರಲ್ಲಿ ನಾಯ್‌ಮೈಯರ್ ಇದನ್ನು ತಿದ್ದಿದರು: ಎರಡರಲ್ಲಿ ಯಾವುದು ದೊಡ್ಡದು ಎಂದು ನೋಡಿ, ಚಿಕ್ಕದರಿಂದ ಉದುರಿದ್ದನ್ನು ಹಿಡಿಯುವುದು, ಬಾಕಿಯನ್ನು ಬೇರೆಯಾಗಿಯೇ ಕೂಡಿಸುತ್ತಾ ಹೋಗಿ ಕೊನೆಗೆ ಒಮ್ಮೆ ಸೇರಿಸುವುದು.

```c
float t = s + x;
if (fabsf(s) >= fabsf(x)) c += (s - t) + x;
else                      c += (x - t) + s;
s = t;
```

ಇಲ್ಲಿ `c` ಚಿಹ್ನೆ ತಿರುಗಿದೆ, ಉತ್ತರ `s + c`. ಎರಡನೇ ಕಾರಣಕ್ಕೆ ನನ್ನಲ್ಲಿ ಮದ್ದಿಲ್ಲ. ಒಳಗೆ ಹೋದದ್ದು ಸಾವಿರ, ಹೊರಗೆ ಬಂದದ್ದು 999.9 ಎಂದರೆ, ಸೆನ್ಸರ್ ಪ್ರತಿ ಸಲ ಮಾಡುವ ಸಣ್ಣ ತಪ್ಪೇ ಆ 0.1ಕ್ಕಿಂತ ದೊಡ್ಡದಿರಬಹುದು. ಅದನ್ನು ಯಾವ ಕೂಡಿಕೆಯೂ ಸರಿಪಡಿಸದು.

ಹಾಸ್ಟೆಲ್_ಕೋಣೆ_14

ಪೈಥಾನ್‌ನಲ್ಲಿ ಒಂದು ವಿಚಿತ್ರ ಸಿಕ್ಕಿತು. `sum([0.1]*10)` ನನ್ನ ಲ್ಯಾಪ್‌ಟಾಪ್‌ನಲ್ಲಿ `1.0`, ಲ್ಯಾಬ್‌ನ ಹಳೆಯ ಕಂಪ್ಯೂಟರ್‌ನಲ್ಲಿ `0.9999999999999999`. ಇದೂ ಅದೇನಾ?

ಶೇಷ_ಲೆಕ್ಕ

ಅದೇ. ಪೈಥಾನ್ 3.12ರಿಂದ `sum()` ಒಳಗೆ ನಾಯ್‌ಮೈಯರ್ ವಿಧಾನ ಇದೆ. ನಂಪೈ ಬೇರೆ ದಾರಿ ಹಿಡಿದಿದೆ: ಪಟ್ಟಿಯನ್ನು ಅರ್ಧ ಅರ್ಧ ಒಡೆದು ಕೂಡಿಸುತ್ತದೆ, ವೇಗಕ್ಕೆ ಅದು ಒಳ್ಳೆಯದು, ತಪ್ಪೂ ತೀರಾ ನಿಧಾನವಾಗಿ ಬೆಳೆಯುತ್ತದೆ. ಆದರೆ ಪಟ್ಟಿ ಪೂರ್ತಿ ಕೈಯಲ್ಲಿರಬೇಕು. ತುಂಗಾತೀರ ಅವರಂತೆ ಒಂದೊಂದೇ ಸಂಖ್ಯೆ ಬರುವ ಕಡೆ ಹೊಂದುವುದಿಲ್ಲ.

ಬೆಸುಗೆಕಡ್ಡಿ

ನನ್ನ ಅಭಿಪ್ರಾಯ ಬದಲಾಗಿದೆ, ಆದರೆ ಕಹಾನ್ ಕಡೆಗಲ್ಲ. ಮಿಲಿವ್ಯಾಟ್-ಸೆಕೆಂಡ್ ಮಾಡಿ `uint64_t`ನಲ್ಲಿ ಕೂಡಿಸಿದರೆ ರೌಂಡಿಂಗ್ ಪ್ರಶ್ನೆಯೇ ಇಲ್ಲ. 3 ಕಿಲೋವ್ಯಾಟ್ ಹಗಲೂ ರಾತ್ರಿ ಬಂದರೂ ತುಂಬಲು ಲಕ್ಷ ವರ್ಷಕ್ಕಿಂತ ಹೆಚ್ಚು ಬೇಕು. ಯಾವ ಫ್ಲ್ಯಾಗ್ ಹಾಕಿದರೂ ಕೆಡುವುದಿಲ್ಲ. ಮೀಟರ್ ಎಂದರೆ ಎಣಿಸುವ ಯಂತ್ರ, ಎಣಿಕೆಗೆ ಪೂರ್ಣಾಂಕವೇ ಸರಿ.

ಶೇಷ_ಲೆಕ್ಕ

ಮೀಟರ್ ಮಟ್ಟಿಗೆ ಒಪ್ಪಿದೆ. ಸಂಖ್ಯೆಗಳು ಎಷ್ಟು ಚಿಕ್ಕವು, ಎಷ್ಟು ದೊಡ್ಡವು ಎಂದು ಮೊದಲೇ ಗೊತ್ತಿರುವ ಕಡೆ ನೀವು ಹೇಳಿದ್ದೇ ಚೊಕ್ಕ. ನನ್ನ ಹವಾಮಾನ ಕೋಡ್‌ನಲ್ಲಿ ಅದು ಗೊತ್ತಿರುತ್ತಿರಲಿಲ್ಲ.

ಬ್ಯಾಟರಿ_ಬಂಡಿ

ನಮ್ಮಲ್ಲೂ ಗೊತ್ತಿರುತ್ತದೆ, ಆದರೂ ನಾನು ನಾಯ್‌ಮೈಯರ್ ಹಾಕಿ ನೋಡುತ್ತೇನೆ. ಈಗಿರುವ ಕೋಡ್ ಪೂರ್ತಿ `float`, ಪೂರ್ಣಾಂಕಕ್ಕೆ ತಿರುಗಿಸುವುದು ದೊಡ್ಡ ಕೆಲಸ.

ತುಂಗಾತೀರ

ಮೂರು ದಿನದ ಲೆಕ್ಕ ಬಂತು. ಕಹಾನ್ ವಿಧಾನ ಇಟ್ಟುಕೊಂಡೇ ನೋಡಿದೆ. ನನ್ನದು 8.5 ಯೂನಿಟ್, ಜನರೇಷನ್ ಮೀಟರ್ 8.7. ಮೂರೂ ದಿನ ಮೋಡ, ಒಂದು ದಿನ 400 ವ್ಯಾಟ್ ದಾಟಲೇ ಇಲ್ಲ, ಆದರೂ ಆ ದಿನ 2.6 ಯೂನಿಟ್ ಬರೆದಿದೆ. ಜೂನ್‌ನಿಂದ ಕಳೆದುಹೋದದ್ದನ್ನು ಮೀಟರ್ ನೋಡಿ ಕೈಯಾರೆ ಸರಿಪಡಿಸಿಕೊಂಡೆ.

ಉಳಿದ 0.2 ಏನೆಂದು ಗೊತ್ತಾಗುತ್ತಿಲ್ಲ. ಇದೂ ರೌಂಡಿಂಗೇ?

ಶೇಷ_ಲೆಕ್ಕ

ಅಷ್ಟು ದೊಡ್ಡದು ರೌಂಡಿಂಗ್ ಆಗಲಾರದು. ಲಾಗ್ ಕಾರ್ಡಿನಲ್ಲಿ ಪ್ರತಿ ಸೆಕೆಂಡಿನ ವ್ಯಾಟ್ ಇದೆಯಲ್ಲ, ಅದನ್ನು ಕಂಪ್ಯೂಟರಿನಲ್ಲಿ `math.fsum` ಬಳಸಿ ಕೂಡಿಸಿ. ಅಲ್ಲೂ 8.5 ಬಂದರೆ ಕೂಡಿಕೆ ಸರಿಯಿದೆ, ತಪ್ಪು ಕರೆಂಟ್ ಸೆನ್ಸರಿನ ಕಡೆಗಿದೆ.

ತುಂಗಾತೀರ

`math.fsum` ಕೊಟ್ಟದ್ದೂ 8.5. ಹಾಗಾದರೆ ಸೆನ್ಸರ್. ಕಡಿಮೆ ವ್ಯಾಟ್‌ನಲ್ಲಿ ಕ್ಲ್ಯಾಂಪ್ ಸೆನ್ಸರ್ ಕಡಿಮೆ ತೋರಿಸುತ್ತದೆಯೇ, ಯಾರಾದರೂ ಅಳೆದು ನೋಡಿದ್ದೀರಾ?